ಅಳತೆಗೂ ಒಂದು ದಿಕ್ಕಿದೆ: ವರ್ನಿಯರ್ ಹಿಡಿದು ಫೋನ್ ಸ್ಟ್ಯಾಂಡ್ ರೂಪಿಸಿದ ಬಗೆ

(ಧಾರವಾಡದಲ್ಲಿ ಕ್ಯಾಡ್ ಕಲಿಯಲು ಆರಂಭಿಸಿದವರ ಮುಂದೆ ಒಂದು ಸಂಜೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಫೋನ್ ಸ್ಟ್ಯಾಂಡುಗಳಿವೆ. ಎರಡನ್ನೂ ಒಂದೇ ಫೋನಿಗಾಗಿ, ಒಂದೇ ವರ್ನಿಯರಿನಿಂದ ತೆಗೆದ ಅದೇ ಅಳತೆಗಳಿಂದ ಮಾಡಿದ್ದೇನೆ. ಮೊದಲನೆಯದರಲ್ಲಿ ಫೋನಿನ ಎರಡೂ ಮೂಲೆಗಳು ಸಿಕ್ಕಿಕೊಳ್ಳುತ್ತವೆ. ಒತ್ತಿ ಇಳಿಸಿದರೆ ತೆಗೆಯುವಾಗ ಸ್ಟ್ಯಾಂಡೂ ಫೋನಿನ ಜೊತೆಗೇ ಮೇಲೆದ್ದು ಬರುತ್ತದೆ. ಎರಡನೆಯದರಲ್ಲಿ ಒಂದೇ ಕೈಯಲ್ಲಿ ಫೋನನ್ನು ಇಡಬಹುದು, ಒಂದೇ ಕೈಯಲ್ಲಿ ತೆಗೆಯಬಹುದು. ಅಳತೆ ತಪ್ಪಾಗಿರಲಿಲ್ಲ, 3ಡಿ ಪ್ರಿಂಟರ್ ಕೆಟ್ಟಿರಲಿಲ್ಲ. ಆದರೂ ಈ ವ್ಯತ್ಯಾಸ ಹೇಗೆ ಬಂತು ಎಂಬುದನ್ನೇ ಇಂದು ಸಾವಧಾನವಾಗಿ ನೋಡೋಣ.

ಸ್ಟ್ಯಾಂಡ್ ಬೇಕಾಗಿದ್ದುದು ಗದಗ-ಬೆಟಗೇರಿಯಲ್ಲಿರುವ ನನ್ನ ಅಕ್ಕನಿಗೆ. ಅವಳು ಮನೆಯಲ್ಲಿಯೇ ಬ್ಲೌಸ್ ಹೊಲಿಯುತ್ತಾಳೆ. ಹೊಸ ವಿನ್ಯಾಸದ ವೀಡಿಯೊಗಳನ್ನು ನೋಡುತ್ತ, ನಡುನಡುವೆ ನಿಲ್ಲಿಸುತ್ತ ಕತ್ತರಿಸುತ್ತಾಳೆ. ಫೋನು ದಾರದ ಡಬ್ಬಿಗೆ ಒರಗಿಕೊಂಡಿರುತ್ತದೆ, ಮಷಿನ್ ಓಡಿದಾಗಲೆಲ್ಲ ಜಾರಿ ಬೀಳುತ್ತದೆ. ಮೊದಲೇ ಅವಳು ಎರಡು ಷರತ್ತುಗಳನ್ನು ಹಾಕಿದಳು: "ಕವರ್ ತಗದು ಇಡೂದು ನನ್ನ ಕಡೆ ಆಗೂದಿಲ್ಲ ನೋಡಪಾ. ಮತ್ತ ಚಾರ್ಜರ್ ಹಚ್ಚಿದ್ರೂ ಅದು ನೆಟ್ಟಗ ನಿಂದರಬೇಕು." ಈ ಎರಡು ಮಾತುಗಳೇ ಏನನ್ನು ಅಳೆಯಬೇಕೆಂಬುದನ್ನು ತೀರ್ಮಾನಿಸಿದವು. ಕವರ್ ತೆಗೆಯುವುದಿಲ್ಲವೆಂದ ಮೇಲೆ ಬರಿ ಫೋನಿನ ದಪ್ಪ ನಮಗೆ ಬೇಡ. ಕಂಪನಿಯವರು ಪ್ರಕಟಿಸುವ ಅಳತೆಯ ಪಟ್ಟಿಯೂ ಬೇಡ. ಚಾರ್ಜರ್ ಹಚ್ಚಿಯೇ ಇಡುವುದಾದರೆ ಅವಳ ಮನೆಯಲ್ಲಿರುವ ಅದೇ ಕೇಬಲಿನ ಪ್ಲಗ್ಗನ್ನು ಅಳೆಯಬೇಕು, ಏಕೆಂದರೆ ಲೋಹದ ತುದಿ ಎಲ್ಲ ಸಿ-ಟೈಪ್ ಕೇಬಲುಗಳಲ್ಲಿ ಒಂದೇ ಆದರೂ ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಭಾಗ ಒಂದೊಂದರಲ್ಲಿ ಒಂದೊಂದು ಗಾತ್ರದಲ್ಲಿರುತ್ತದೆ.

ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು ಡಿಜಿಟಲ್ ಕ್ಯಾಲಿಪರಿಗೂ ವರ್ನಿಯರ್ ಎಂದೇ ಹೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತೇನೆ. ನನ್ನ ಬಳಿ ಇರುವುದು 150 ಮಿ.ಮೀ.ವರೆಗೆ ಅಳೆಯುವ ಸಾಮಾನ್ಯ ಡಿಜಿಟಲ್ ವರ್ನಿಯರ್. ಪರದೆಯಲ್ಲಿ ಅದು ಮಿಲಿಮೀಟರಿನ ನೂರನೇ ಒಂದು ಭಾಗವನ್ನು ತೋರಿಸುತ್ತದೆ. ಗಟ್ಟಿ ಉಕ್ಕಿನ ತುಂಡನ್ನು ಅಳೆಯುವಾಗ ಆ ಅಂಕಿಗೆ ಒಂದು ಅರ್ಥವಿದೆ, ಆದರೆ ಮೆತ್ತನೆಯ ಫೋನ್ ಕವರನ್ನು ಅಳೆಯುವಾಗ ಕೊನೆಯ ಅಂಕಿ ನಮ್ಮ ಹೆಬ್ಬೆರಳಿನ ಒತ್ತಡವನ್ನಷ್ಟೇ ಹೇಳುತ್ತದೆ. ಅಕ್ಕನ ಫೋನಿನ ಕವರು ಬಗ್ಗುವ ಪ್ಲಾಸ್ಟಿಕ್ಕಿನದು. ದವಡೆಗಳನ್ನು ಬಿಗಿಯಾಗಿ ಒತ್ತಿದಾಗ ಅದು 10.6 ಎಂದು ತೋರಿಸಿತು. ದವಡೆ ಕವರಿಗೆ ತಾಗಿದ ಕ್ಷಣದಲ್ಲಿ ನಿಲ್ಲಿಸಿ ಓದಿದಾಗ ಅದೇ ಜಾಗದಲ್ಲಿ 10.96 ಬಂತು. ತಾಗಿದ ಕ್ಷಣವನ್ನು ಗುರುತಿಸಲು ಒಂದು ಸುಲಭ ಉಪಾಯವಿದೆ: ದವಡೆಗಳ ನಡುವೆ ಫೋನನ್ನು ಸಣ್ಣಗೆ ಆಚೀಚೆ ಸರಿಸಬೇಕು, ಕವರು ಉಜ್ಜಿಕೊಂಡು ಜಾರಬೇಕು, ಆದರೆ ಹಿಡಿದುಕೊಳ್ಳಬಾರದು. ಅಳೆಯುವ ಮೊದಲು ದವಡೆಗಳನ್ನು ಬಟ್ಟೆಯಿಂದ ಒರೆಸಿ, ಪೂರ್ತಿ ಮುಚ್ಚಿ, ಸೊನ್ನೆಯ ಗುಂಡಿ ಒತ್ತುವುದನ್ನು ಮರೆಯಬಾರದು. ದವಡೆಯ ನಡುವೆ ಹತ್ತಿಯ ಎಳೆಯೊಂದು ಇದ್ದರೂ ಸೊನ್ನೆ ಜಾರುತ್ತದೆ; ಹೊಲಿಗೆ ಮಷಿನ್ನಿನ ಪಕ್ಕದಲ್ಲಿ ಕುಳಿತು ಅಳೆಯುವಾಗ ಈ ಎಚ್ಚರಿಕೆ ನಿಜಕ್ಕೂ ಬೇಕಾಯಿತು.

ದಪ್ಪವನ್ನು ಒಂದೇ ಕಡೆ ಅಳೆದರೆ ಸಾಲದು. ಫೋನು ಸ್ಟ್ಯಾಂಡಿನ ಸ್ಲಾಟಿನೊಳಗೆ, ಅಂದರೆ ಅದು ಕೂರುವ ಸಂದಿನೊಳಗೆ ಇಳಿಯುವುದು ಕೆಳ ಅಂಚಿನಿಂದ. ಆ ಅಂಚಿನ ನಡುಭಾಗದಲ್ಲಿ 10.96 ಇದ್ದರೆ ಎರಡು ಮೂಲೆಗಳಲ್ಲಿ 11.62 ಮತ್ತು 11.58 ಇತ್ತು. ಬಿದ್ದಾಗ ಫೋನನ್ನು ಉಳಿಸಲೆಂದು ಕವರು ಮಾಡುವವರು ಮೂಲೆಗಳನ್ನು ಉಬ್ಬಿಸಿರುತ್ತಾರೆ. ಕಣ್ಣಿಗೆ ಅದು ಅಷ್ಟಾಗಿ ಕಾಣುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಈ ಉಬ್ಬು ಅಂಚಿನಿಂದ ಸುಮಾರು 15 ಮಿ.ಮೀ. ಒಳಗಿನವರೆಗೆ ಹಬ್ಬಿತ್ತು. ಸ್ಲಾಟಿನ ಲೆಕ್ಕಕ್ಕೆ ಹಿಡಿಯಬೇಕಾದದ್ದು ಸರಾಸರಿಯಲ್ಲ, ಅತಿ ಹೆಚ್ಚಿನ ಅಳತೆ, ಅಂದರೆ 11.62. ನಡುಭಾಗವನ್ನು ಮಾತ್ರ ಅಳೆದವರು ಮೊದಲ ಪ್ರಿಂಟಿನಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಫೋನಿನ ಅಗಲ ಕವರಿನ ಸಮೇತ 77.9. ಉದ್ದವನ್ನು ನನ್ನ ವರ್ನಿಯರ್ ಅಳೆಯಲಾರದು, ಏಕೆಂದರೆ ಅದು 166 ಮಿ.ಮೀ. ಇದೆ. ಉಕ್ಕಿನ ಸ್ಕೇಲಿನಿಂದ ಅಳೆದೆ. ಉದ್ದವು ಯಾವ ಭಾಗದೊಳಗೂ ಕೂರಬೇಕಾಗಿಲ್ಲ, ಬೀಳುತ್ತದೆಯೋ ನಿಲ್ಲುತ್ತದೆಯೋ ಎಂಬ ಲೆಕ್ಕಕ್ಕೆ ಮಾತ್ರ ಬೇಕು. ಅಲ್ಲಿ ಒಂದು ಮಿ.ಮೀ. ಹೆಚ್ಚುಕಡಿಮೆಯಾದರೆ ನಡೆಯುತ್ತದೆ. ಕೂರುವ ಅಳತೆಗೆ ವರ್ನಿಯರ್, ನಿಲ್ಲುವ ಅಳತೆಗೆ ಸ್ಕೇಲ್ ಎಂದು ನಾನು ಬೇರೆ ಮಾಡಿಕೊಳ್ಳುತ್ತೇನೆ.

ಚಾರ್ಜಿಂಗ್ ಕಿಂಡಿ ಫೋನಿನ ನಟ್ಟನಡುವೆ ಇದೆಯೇ ಎಂಬುದನ್ನು ನಂಬಿಕೆಯ ಮೇಲೆ ಬಿಡಬಾರದು. ಆದರೆ ವರ್ನಿಯರಿನಿಂದ ಒಂದು ಕಿಂಡಿಯ ಮಧ್ಯಬಿಂದುವನ್ನು ನೇರವಾಗಿ ಹಿಡಿಯಲು ಬರುವುದಿಲ್ಲ. ಅಲ್ಲಿ ದವಡೆ ತಾಗಲು ಏನೂ ಇಲ್ಲ. ಆದ್ದರಿಂದ ಕೇಬಲನ್ನು ಚುಚ್ಚಿ, ಫೋನಿನ ಎಡ ಅಂಚಿನಿಂದ ಪ್ಲಗ್ಗಿನ ಎಡ ಮೈಯವರೆಗೆ ಎಷ್ಟು, ಬಲ ಅಂಚಿನಿಂದ ಪ್ಲಗ್ಗಿನ ಬಲ ಮೈಯವರೆಗೆ ಎಷ್ಟು ಎಂದು ಎರಡನ್ನೂ ಅಳೆದೆ: 33.0 ಮತ್ತು 33.0. ಎರಡೂ ಸಮವಾದರೆ ಪ್ಲಗ್ಗು ನಡುವಿನಲ್ಲಿದೆ. ವ್ಯತ್ಯಾಸವಿದ್ದರೆ ಅದರ ಅರ್ಧದಷ್ಟು ಪಕ್ಕಕ್ಕೆ ಸರಿದಿದೆ. ಇದರಿಂದಲೇ ಪ್ಲಗ್ಗಿನ ಅಗಲವೂ ಸಿಗುತ್ತದೆ: 77.9ರಲ್ಲಿ 66 ಕಳೆದರೆ 11.9. ನೇರವಾಗಿ ಅಳೆದಾಗಲೂ 11.9 ಬಂತು, ಒಂದು ಅಳತೆ ಇನ್ನೊಂದಕ್ಕೆ ಸಾಕ್ಷಿಯಾಯಿತು. ಪ್ಲಗ್ಗಿನ ಗಟ್ಟಿ ಭಾಗ ಫೋನಿನ ಕೆಳಗೆ 24 ಮಿ.ಮೀ. ಚಾಚಿಕೊಂಡಿರುತ್ತದೆ, ಅದರ ನಂತರ ಕೇಬಲು ಬಾಗಲು ಆರಂಭಿಸುತ್ತದೆ.

ಕೊನೆಯದು ಕೋನ. ಅಕ್ಕ ಮಷಿನ್ ಮುಂದೆ ಕುಳಿತಳು. ನಾನು ಫೋನನ್ನು ಪುಸ್ತಕಗಳಿಗೆ ಒರಗಿಸಿ, ಅವಳು "ಹಾಂ, ಈಗ ಛಲೋ ಕಾಣತೈತಿ" ಎನ್ನುವವರೆಗೆ ಹಿಂದೆ ಮುಂದೆ ಮಾಡಿದೆ. ಆಗ ಫೋನಿನ ಮೇಲಂಚು ಮೇಜಿನಿಂದ 150 ಮಿ.ಮೀ. ಎತ್ತರದಲ್ಲಿತ್ತು. 150ನ್ನು 166ರಿಂದ ಭಾಗಿಸಿ ಅದರ ಸೈನ್ ವಿಲೋಮ ತೆಗೆದರೆ 64.6 ಡಿಗ್ರಿ ಬರುತ್ತದೆ. 65 ಡಿಗ್ರಿ ಎಂದು ಹಿಡಿದೆ. ಕೋನಮಾಪಕ ಬೇಕಾಗಲಿಲ್ಲ.

ಈಗ ಕ್ಯಾಡ್. ನಾನು ಬಳಸುವುದು ಫ್ರೀಕ್ಯಾಡ್. ಅದು ಉಚಿತ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಖಾತೆ ತೆರೆಯಬೇಕಾಗಿಲ್ಲ. ಬ್ರೌಸರಿನಲ್ಲಿ ಓಡುವ ಟಿಂಕರ್‌ಕ್ಯಾಡ್ ಇದಕ್ಕಿಂತ ಸುಲಭವೆಂಬುದು ನಿಜ. ಮಕ್ಕಳಿಗೆ ನಾನು ಅದನ್ನೇ ಕಲಿಸುತ್ತೇನೆ. ಆದರೆ ಅಲ್ಲಿ ದಿಮ್ಮಿಗಳನ್ನು ಜೋಡಿಸಿ, ಕೊರೆದು ಆಕಾರ ಮಾಡುತ್ತೇವೆ. ಈ ಗೆರೆ ಆ ಗೆರೆಗೆ ಲಂಬವಾಗಿಯೇ ಇರಬೇಕು ಎಂಬಂತಹ ಸಂಬಂಧವನ್ನು ಬರೆದಿಡಲು ಬರುವುದಿಲ್ಲ. ಇಂದಿನ ಕಥೆ ಆ ಸಂಬಂಧದ ಮೇಲೆಯೇ ನಿಂತಿದೆ.

ಸ್ಟ್ಯಾಂಡನ್ನು ಪಕ್ಕದಿಂದ ನೋಡಿದಂತೆ ಕಲ್ಪಿಸಿಕೊಳ್ಳಿ. ಮೇಜಿಗೆ ತಾಗುವ ಒಂದು ತಳಪಟ್ಟಿ. ಅದರ ಮುಂದಿನ ತುದಿಯಿಂದ 65 ಡಿಗ್ರಿಯಲ್ಲಿ ಹಿಂದಕ್ಕೆ ವಾಲಿ ಏರುವ ಒರಗುಹಲಗೆ. ಅದರ ತುದಿಯಿಂದ ತಳಪಟ್ಟಿಯ ಹಿಂದಿನ ತುದಿಗೆ ಇಳಿಯುವ ಹಿಂಗಾಲು. ಇಷ್ಟಕ್ಕೆ ಒಂದು ತ್ರಿಕೋನವಾಯಿತು. ಒರಗುಹಲಗೆಯ ಮೇಲೆ, ಬುಡದಿಂದ 40 ಮಿ.ಮೀ. ಏರಿದಲ್ಲಿ, ಮುಂದಕ್ಕೆ ಚಾಚಿದ ಒಂದು ಕಟ್ಟೆ. ಫೋನು ಕೂರುವುದು ಅದರ ಮೇಲೆ. ಕಟ್ಟೆಯ ಮುಂದಿನ ತುದಿಯಲ್ಲಿ ಫೋನು ಜಾರದಂತೆ 12 ಮಿ.ಮೀ. ಎತ್ತರದ ಒಂದು ತಡೆ. ಎಲ್ಲ ಹಲಗೆಗಳ ದಪ್ಪ 5 ಮಿ.ಮೀ. ಕಟ್ಟೆಯನ್ನು 40 ಮಿ.ಮೀ. ಎತ್ತರಿಸಿದ್ದು ಚಾರ್ಜರಿನ ಸಲುವಾಗಿ: ವಾಲಿದ ಪ್ಲಗ್ಗಿನ 24 ಮಿ.ಮೀ. ಕಳೆದ ಮೇಲೂ ಮೇಜಿನವರೆಗೆ ಸುಮಾರು 17 ಮಿ.ಮೀ. ಉಳಿಯುತ್ತದೆ, ಅಷ್ಟರಲ್ಲಿ ಕೇಬಲು ಮುರಿಯದೆ ಬಾಗುತ್ತದೆ.

ಈ ಪಕ್ಕದ ನೋಟವನ್ನು ಒಂದು ಸ್ಕೆಚ್ಚಿನಲ್ಲಿ ಬರೆದು, ಪ್ಯಾಡ್ ಎಂಬ ಆಜ್ಞೆಯಿಂದ 70 ಮಿ.ಮೀ. ಅಗಲಕ್ಕೆ ಎಳೆದರೆ ಸ್ಟ್ಯಾಂಡು ಬಹುಪಾಲು ಮುಗಿಯಿತು. ಕೇಬಲಿಗಾಗಿ ಕಟ್ಟೆ ಮತ್ತು ತಡೆ ಎರಡನ್ನೂ ನಡುವೆ ಸೀಳುವ ಒಂದು ಕಂಡಿಯನ್ನು ಪಾಕೆಟ್ ಆಜ್ಞೆಯಿಂದ ತೆಗೆಯಬೇಕು. ತಡೆಯನ್ನೂ ಸೀಳುವುದರಿಂದ ಕೇಬಲು ಚುಚ್ಚಿದ ಫೋನನ್ನು ಹಾಗೆಯೇ ತಂದು ಕೂರಿಸಬಹುದು.

ಗೆರೆ ಬರೆಯುವ ಮೊದಲೇ ಸ್ಪ್ರೆಡ್‌ಶೀಟ್ ಕಾರ್ಯಪೀಠವನ್ನು ತೆರೆದು, ಅಳತೆಗಳನ್ನು ಒಂದೊಂದು ಚೌಕದಲ್ಲಿ ಬರೆದು, ಪ್ರತಿ ಚೌಕಕ್ಕೂ ಒಂದು ಹೆಸರು ಕೊಟ್ಟೆ. ಅದನ್ನು ಅಲ್ಲಿ ಅಲಿಯಾಸ್ ಎನ್ನುತ್ತಾರೆ.

```
t_max     11.62 mm
play      1.2 mm
slot_w    =t_max + play
plug_w    11.9 mm
notch_w   =plug_w + 2 mm
```

ಇಲ್ಲಿ `t_max` ಮತ್ತು `plug_w` ವರ್ನಿಯರ್ ಹೇಳಿದ್ದು. `play` ಮತ್ತು ಆ ಎರಡು ಮಿ.ಮೀ. ನಾನು ತೀರ್ಮಾನಿಸಿದ್ದು. ಲೇಥ್ ಮುಂದೆ ನಿಲ್ಲುವವರು "ಸ್ವಲ್ಪ ಪ್ಲೇ ಬಿಡು" ಎನ್ನುತ್ತಾರಲ್ಲ, ಅದೇ ಪ್ಲೇ. ಅಳೆದದ್ದನ್ನೂ ತೀರ್ಮಾನಿಸಿದ್ದನ್ನೂ ಕೂಡಿಸಿ 12.82 ಎಂಬ ಒಂದೇ ಅಂಕಿಯನ್ನು ಸ್ಕೆಚ್ಚಿನಲ್ಲಿ ಬರೆದುಬಿಟ್ಟರೆ, ನಾಳೆ ಸ್ಲಾಟು ಬಿಗಿಯಾದಾಗ ತಪ್ಪಿದ್ದು ಅಳತೆಯೋ ತೀರ್ಮಾನವೋ ಎಂದು ನಮಗೇ ತಿಳಿಯುವುದಿಲ್ಲ. ಪ್ಲೇ 1.2 ಏಕೆಂದರೆ, ಒಂದು ಕೈಯಲ್ಲಿ ನೋಡದೆ ಇಳಿಸುವ ವಸ್ತುವಿಗೆ ಸುಮಾರು ಒಂದು ಮಿ.ಮೀ. ಬೇಕು, ಅದರ ಮೇಲೆ ನನ್ನ ಪ್ರಿಂಟರಿನಲ್ಲಿ ಸ್ಲಾಟುಗಳು ಮಾಡೆಲಿಗಿಂತ 0.1ರಿಂದ 0.2ರಷ್ಟು ಕಿರಿದಾಗಿ ಬರುತ್ತವೆ. ಕರಗಿದ ಪ್ಲಾಸ್ಟಿಕ್ಕಿನ ಎಳೆ ಬದಿಗೆ ಸ್ವಲ್ಪ ಹರಡುವುದೇ ಇದಕ್ಕೆ ಮುಖ್ಯ ಕಾರಣ. ನಿಮ್ಮ ಪ್ರಿಂಟರಿನಲ್ಲಿ ಇದು ಬೇರೆಯಾಗಿರಬಹುದು, ಅಳೆದು ನೋಡಬೇಕು.

ಇನ್ನು ತಪ್ಪಾದ ಜಾಗಕ್ಕೆ ಬರುತ್ತೇನೆ. ಮೊದಲ ಸ್ಟ್ಯಾಂಡಿನಲ್ಲಿ ಕಟ್ಟೆಯ ಗೆರೆಯನ್ನು ನಾನು ತಳಪಟ್ಟಿಗೆ ಸಮಾಂತರವಾಗಿ, ಅಂದರೆ ಅಡ್ಡಡ್ಡವಾಗಿ ಎಳೆದೆ. ಹಾಗೆ ಎಳೆಯಬೇಕೆಂದು ಯೋಚಿಸಿ ಎಳೆದದ್ದಲ್ಲ. ಸ್ಕೆಚ್ಚಿನಲ್ಲಿ ಗೆರೆಯೊಂದು ಹೆಚ್ಚುಕಡಿಮೆ ಅಡ್ಡವಾಗಿದ್ದರೆ ಫ್ರೀಕ್ಯಾಡ್ ತಾನಾಗಿಯೇ ಅದಕ್ಕೆ ಅಡ್ಡಗೆರೆಯ ಕಟ್ಟುಪಾಡನ್ನು ಹಾಕಿಬಿಡುತ್ತದೆ; ಪಕ್ಕದಲ್ಲಿ ಒಂದು ಸಣ್ಣ ಕೆಂಪು ಗುರುತು ಬರುತ್ತದೆ, ಅಷ್ಟೇ. ಬಳಿಕ ತಡೆಯನ್ನು ಒರಗುಹಲಗೆಗೆ ಸಮಾಂತರ ಮಾಡಿದೆ. ಕಟ್ಟೆಯ ಉದ್ದಕ್ಕೆ `Spreadsheet.slot_w` ಎಂದು ಕೊಟ್ಟೆ. ಸ್ಕೆಚ್ಚು ಪೂರ್ತಿ ಹಸಿರಾಯಿತು. ಹಸಿರಾಯಿತೆಂದರೆ ಇನ್ನು ಯಾವ ಗೆರೆಯೂ ಅಲ್ಲಾಡುವುದಿಲ್ಲ ಎಂದು ಅರ್ಥ. ಎಲ್ಲ ಗೆರೆಗಳೂ ಸರಿಯಾದ ಜಾಗದಲ್ಲಿವೆ ಎಂದು ಅರ್ಥವಲ್ಲ.

ಪ್ರಿಂಟಾಗಿ ಬಂದ ಸ್ಟ್ಯಾಂಡಿನಲ್ಲಿ ಫೋನು ಇಳಿಯಲಿಲ್ಲ. ನಡುಭಾಗ ಒಳಗೆ ಹೋಗಲು ಸಿದ್ಧವಿತ್ತು, ಮೂಲೆಗಳು ತಡೆಗೂ ಹಲಗೆಗೂ ನಡುವೆ ಸಿಕ್ಕಿಕೊಂಡವು. ಕವರಿನ ಎರಡು ಮೂಲೆಗಳಲ್ಲಿ ಉಜ್ಜಿದ ಹೊಳಪು ಗುರುತು ಮೂಡಿತು. ವರ್ನಿಯರಿನ ಒಳ ಅಳತೆಯ ಸಣ್ಣ ದವಡೆಗಳನ್ನು ಸ್ಲಾಟಿನೊಳಗೆ ಇಟ್ಟು, ಒರಗುಹಲಗೆಗೂ ತಡೆಗೂ ನೇರ ಲಂಬವಾಗಿ ಹಿಡಿದು ಓದಿದೆ. 11.5 ಬಂತು. ಪ್ರಿಂಟರು 0.1 ತಿಂದಿರಬಹುದು, ಉಳಿದದ್ದು ಎಲ್ಲಿ ಹೋಯಿತು?

ಕಟ್ಟೆ ಅಡ್ಡವಾಗಿದೆ, ಹಲಗೆ 65 ಡಿಗ್ರಿಯಲ್ಲಿ ವಾಲಿದೆ. ವಾಲಿದ ಎರಡು ಗೋಡೆಗಳ ನಡುವೆ ಅಡ್ಡಡ್ಡ ಅಳೆದರೆ 12.82 ಬರುತ್ತದೆ, ಆದರೆ ಫೋನು ಆ ದಿಕ್ಕಿನಲ್ಲಿ ದಪ್ಪವಾಗಿಲ್ಲ. ಫೋನಿನ ದಪ್ಪ ಇರುವುದು ಅದರ ಪರದೆಗೆ ಲಂಬವಾದ ದಿಕ್ಕಿನಲ್ಲಿ, ಅಂದರೆ ಒರಗುಹಲಗೆಗೆ ಲಂಬವಾಗಿ. ನಾನು ವರ್ನಿಯರ್ ಹಿಡಿದದ್ದೂ ಹಾಗೆಯೇ. ಆ ದಿಕ್ಕಿನಲ್ಲಿ ಸ್ಲಾಟಿನ ಅಗಲ ಎಷ್ಟೆಂದರೆ:

```
12.82 × sin(65°) = 12.82 × 0.906 = 11.62
```

ಮೂಲೆಯ ದಪ್ಪವೂ 11.62. ನಾನು ಯೋಚಿಸಿ ಬಿಟ್ಟಿದ್ದ 1.2 ಮಿ.ಮೀ. ಪ್ಲೇ ಪೂರ್ತಿಯಾಗಿ ಈ ಓರೆಯಲ್ಲಿ ಕರಗಿಹೋಗಿತ್ತು. 65 ಡಿಗ್ರಿಯ ಬದಲು 80 ಡಿಗ್ರಿ ಇದ್ದಿದ್ದರೆ ನಷ್ಟ 0.2 ಮಾತ್ರ ಆಗುತ್ತಿತ್ತು, ನನಗೆ ಗೊತ್ತೇ ಆಗುತ್ತಿರಲಿಲ್ಲ. ಹೆಚ್ಚು ವಾಲಿದಷ್ಟೂ ಈ ತಪ್ಪು ದೊಡ್ಡದಾಗುತ್ತದೆ. 45 ಡಿಗ್ರಿಯಲ್ಲಿ ಸ್ಲಾಟು 9.1ಕ್ಕೆ ಇಳಿದು, ಕವರ್ ಹಾಕಿದ ಫೋನಿನ ನಡುಭಾಗವೂ ಒಳಗೆ ಹೋಗುತ್ತಿರಲಿಲ್ಲ.

ಇಲ್ಲಿ ಪ್ಲೇಯನ್ನು ಹೆಚ್ಚಿಸಿ 2.5 ಮಾಡಿದ್ದರೆ ಫೋನು ಇಳಿಯುತ್ತಿತ್ತು. ಅದನ್ನು ನಾನು ಬೇಡವೆನ್ನುತ್ತೇನೆ. ಹಾಗೆ ಮಾಡಿದರೆ `play` ಎಂಬ ಹೆಸರಿನ ಚೌಕದೊಳಗೆ ಜ್ಯಾಮಿತಿಯ ತಪ್ಪೊಂದು ಅಡಗಿ ಕೂರುತ್ತದೆ, ಮುಂದೆ ಕೋನ ಬದಲಿಸಿದ ದಿನ ಮತ್ತೆ ಹೊರಗೆ ಬರುತ್ತದೆ. ಜೊತೆಗೆ ಅಡ್ಡ ಕಟ್ಟೆಯ ಮೇಲೆ ವಾಲಿದ ಫೋನು ತನ್ನ ಹಿಂಬದಿಯ ಅಂಚಿನ ಮೇಲಷ್ಟೇ ನಿಲ್ಲುತ್ತದೆ, ಪೂರ್ತಿ ಕೂರುವುದಿಲ್ಲ.

ಆದ್ದರಿಂದ ಸ್ಕೆಚ್ಚಿಗೆ ಮರಳಿ ಕಟ್ಟೆಯ ಗೆರೆಯ ಪಕ್ಕದ ಆ ಸಣ್ಣ ಗುರುತನ್ನು ಆರಿಸಿ ಅಳಿಸಿದೆ. ಹಸಿರು ಹೋಗಿ ಗೆರೆ ಬಿಡುವಾಯಿತು. ಕಟ್ಟೆಯ ಗೆರೆ, ಒರಗುಹಲಗೆಯ ಗೆರೆ ಎರಡನ್ನೂ ಆರಿಸಿ ಪರಸ್ಪರ ಲಂಬ ಎಂಬ ಕಟ್ಟುಪಾಡು ಹಾಕಿದೆ. ಕಟ್ಟೆಯ ಮುಂದಿನ ತುದಿ ಮೇಲಕ್ಕೆದ್ದು, ಹಿಂದಕ್ಕೆ ಇಳಿಜಾರಾದ ಕಟ್ಟೆಯಾಯಿತು. ಗೆರೆಯ ಉದ್ದ ಅದೇ `Spreadsheet.slot_w`. ಅಂಕಿ ಒಂದಿಷ್ಟೂ ಬದಲಾಗಲಿಲ್ಲ. ಬದಲಾದದ್ದು ಅಂಕಿಯ ದಿಕ್ಕು. ಈಗ ವರ್ನಿಯರಿನ ದವಡೆ ಯಾವ ದಿಕ್ಕಿನಲ್ಲಿ ಫೋನನ್ನು ಹಿಡಿದಿತ್ತೋ ಅದೇ ದಿಕ್ಕಿನಲ್ಲಿ ಸ್ಕೆಚ್ಚಿನ ಅಳತೆಯೂ ಕೂತಿದೆ. ಇಳಿಜಾರಿನ ಕಾರಣ ಫೋನು ತಾನಾಗಿಯೇ ಹಲಗೆಯ ಕಡೆಗೆ ಸರಿಯುತ್ತದೆ ಎಂಬುದು ಇನ್ನೊಂದು ಲಾಭ.

ಇಲ್ಲೊಂದು ಉಲ್ಟಾ ಬಲೆಯೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಕಟ್ಟೆಯನ್ನು ಸರಿಯಾಗಿ ಲಂಬ ಮಾಡಿದ ಮೇಲೆ, ಅದರ ಉದ್ದ ಕೊಡುವಾಗ ಗೆರೆಯುದ್ದಕ್ಕೂ ಅಳೆಯುವ ಗುಂಡಿಯ ಬದಲು ಅಡ್ಡ ಅಂತರದ ಗುಂಡಿಯನ್ನು ಒತ್ತಿದರೆ, ಆಗ ಸ್ಲಾಟು 12.82ರ ಬದಲು 14.1 ಆಗುತ್ತದೆ. ಫೋನು ಇಳಿಯುತ್ತದೆ, ಆದರೆ ಲೊಡಲೊಡ ಅಲ್ಲಾಡುತ್ತದೆ. ಎರಡೂ ಗುಂಡಿಗಳ ಚಿತ್ರ ಅಕ್ಕಪಕ್ಕದಲ್ಲಿರುವುದರಿಂದ ಇದು ಆಗುವಂಥದ್ದೇ. ಪತ್ತೆಹಚ್ಚಲು ಸ್ಕೆಚ್ಚಿನಲ್ಲಿ ಆ ಅಳತೆಯ ಬಾಣಗಳನ್ನು ನೋಡಬೇಕು: ಬಾಣ ಗೆರೆಯ ಜೊತೆ ವಾಲಿರಬೇಕು. ಗೆರೆ ಓರೆಯಾಗಿ, ಬಾಣ ಮಾತ್ರ ಅಡ್ಡವಾಗಿದ್ದರೆ ಅಳತೆ ತಪ್ಪು ದಿಕ್ಕಿನಲ್ಲಿದೆ.

ಪೂರ್ತಿ ಸ್ಟ್ಯಾಂಡನ್ನು ಮತ್ತೆ ಪ್ರಿಂಟ್ ಮಾಡುವ ಮೊದಲು ಈ ಬಾರಿ ಒಂದು ತೆಳು ಚೂರನ್ನು ತೆಗೆದೆ. ಪ್ಯಾಡಿನ ಅಗಲವನ್ನು 70ರಿಂದ 5ಕ್ಕೆ ಇಳಿಸಿದರೆ ಅದೇ ಪಕ್ಕದ ನೋಟ ಒಂದು ಬಿಲ್ಲೆಯಂತೆ ಬರುತ್ತದೆ. ಆದರೆ ಕಂಡಿಯ ಅಗಲ 13.9 ಇರುವುದರಿಂದ, 5 ಮಿ.ಮೀ. ಬಿಲ್ಲೆಯಲ್ಲಿ ಕಟ್ಟೆಯೇ ಮಾಯವಾಗುತ್ತದೆ. ಹೀಗಾಗಿ ಮರದಂತಹ ಪಟ್ಟಿಯಲ್ಲಿ ಪ್ಯಾಡನ್ನು ಆರಿಸಿ, ಸೆಟ್ ಟಿಪ್ ಎಂದು ಕೊಟ್ಟು, ಪಾಕೆಟ್ ಲೆಕ್ಕಕ್ಕೆ ಬಾರದಂತೆ ಮಾಡಿ ಎಕ್ಸ್‌ಪೋರ್ಟ್ ಮಾಡಬೇಕು.

ಆ ಬಿಲ್ಲೆಯ ಸ್ಲಾಟನ್ನು ಎರಡು ಕಡೆ ಅಳೆದೆ. ಮೇಲಿನ ಮುಖದಲ್ಲಿ 12.7, ಪ್ರಿಂಟರಿನ ತಟ್ಟೆಗೆ ಅಂಟಿದ್ದ ಮುಖದಲ್ಲಿ 12.4. ಮೊದಲ ಕೆಲವು ಪದರಗಳು ಬಿಸಿ ತಟ್ಟೆಯ ಮೇಲೆ ಒತ್ತಿ ಅಗಲವಾಗುತ್ತವೆ. ಆನೆಪಾದ ಎಂದು ಇದನ್ನು ಕರೆಯುತ್ತಾರೆ, ಬಹಳ ಒಪ್ಪುವ ಹೆಸರು. ತೆಳು ಬಿಲ್ಲೆಯಲ್ಲಿ ಈ ಆನೆಪಾದ ನಮ್ಮನ್ನು ದಾರಿತಪ್ಪಿಸಬಹುದು, ಏಕೆಂದರೆ ಫೋನಿನ ಮೂಲೆಯನ್ನು ಇಟ್ಟು ನೋಡಿದಾಗ ಮೊದಲು ತಾಗುವುದು ಆ ಕಿರಿದಾದ ಅಂಚೇ. ಅಂಚನ್ನು ಚಾಕುವಿನಿಂದ ಸವರಿ, ಆಮೇಲೆ ಪರೀಕ್ಷಿಸಬೇಕು. 12.7 ನನಗೆ ಸಾಕಿತ್ತು, `play` ಬದಲಿಸಲಿಲ್ಲ.

ಇಷ್ಟರಲ್ಲಿ ಸಭೆಯಲ್ಲಿ ಹಿರಿಯರೊಬ್ಬರು, "ತಮ್ಮಾ, ಸ್ಟ್ಯಾಂಡು ಹಿಂದಕ್ಕ ಬೀಳೂದಿಲ್ಲೇನು?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ, ಏಕೆಂದರೆ ಅಕ್ಕ ವೀಡಿಯೊ ನಿಲ್ಲಿಸಲು ಪರದೆಯನ್ನು ಮತ್ತೆಮತ್ತೆ ಒತ್ತುತ್ತಾಳೆ. ಸುಮ್ಮನೆ ಇಟ್ಟ ಫೋನು ಬೀಳುವುದಿಲ್ಲ: ಅದರ ಭಾರದ ಕೇಂದ್ರ ತಳಪಟ್ಟಿಯ ಮುಂದಿನ ತುದಿಯಿಂದ ಸುಮಾರು 47 ಮಿ.ಮೀ. ಹಿಂದೆ ಬೀಳುತ್ತದೆ, ಅಲ್ಲಿ ತಳಪಟ್ಟಿ ಇದ್ದೇ ಇದೆ. ಕಷ್ಟ ಬರುವುದು ಬೆರಳಿನಿಂದ. ಫೋನಿನ ಕೆಳಗಿನಿಂದ 140 ಮಿ.ಮೀ. ಎತ್ತರದಲ್ಲಿ ಪರದೆಯನ್ನು ಒತ್ತಿದರೆ ಆ ಒತ್ತಡ ಸ್ಟ್ಯಾಂಡನ್ನು ಹಿಂದಿನ ಅಂಚಿನ ಮೇಲೆ ಮಗುಚಲು ನೋಡುತ್ತದೆ, ಫೋನಿನ ಭಾರ ಅದನ್ನು ತಡೆಯುತ್ತದೆ. ಕವರ್ ಸಮೇತ ಫೋನು 214 ಗ್ರಾಂ ತೂಗಿತು. ತಳಪಟ್ಟಿ 90 ಮಿ.ಮೀ. ಉದ್ದವಿದ್ದರೆ, ಸ್ಟ್ಯಾಂಡಿನ ಸ್ವಂತ ತೂಕವನ್ನು ಬಿಟ್ಟು ಲೆಕ್ಕ ಹಾಕಿದಾಗ, ಸುಮಾರು 65 ಗ್ರಾಂ ಭಾರದಷ್ಟು ಒತ್ತಿದರೆ ಮಗುಚುತ್ತದೆ. 120 ಮಿ.ಮೀ. ಮಾಡಿದರೆ 120 ಗ್ರಾಂ ಬೇಕಾಗುತ್ತದೆ. ಉದ್ದ ಮೂರನೇ ಒಂದರಷ್ಟು ಹೆಚ್ಚಿತು, ತಾಳಿಕೆ ಹತ್ತಿರಹತ್ತಿರ ಎರಡರಷ್ಟಾಯಿತು. ನಾನು 120 ಇಟ್ಟೆ. ಬೆರಳಿನ ಒತ್ತಡ ಎಷ್ಟೆಂದು ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಫೋನನ್ನು ಮಲಗಿಸಿ, ಎಂದಿನಂತೆ ಒತ್ತಿ ನೋಡಬಹುದು.

ಪ್ರಿಂಟ್ ಮಾಡುವಾಗ ಸ್ಟ್ಯಾಂಡನ್ನು ನಿಲ್ಲಿಸಬಾರದು, ಪಕ್ಕಕ್ಕೆ ಮಲಗಿಸಬೇಕು. ಪದರ ಪದರವಾಗಿ ಕಟ್ಟಿದ ವಸ್ತು ಪದರಗಳ ನಡುವೆಯೇ ಸುಲಭವಾಗಿ ಬಿರಿಯುತ್ತದೆ. ನಿಲ್ಲಿಸಿ ಪ್ರಿಂಟಿಸಿದರೆ ತಡೆಯ ಬುಡದಲ್ಲಿ ಪದರದ ಸಂದು ಬರುತ್ತದೆ, ಫೋನು ಒಮ್ಮೆ ಮುಂದಕ್ಕೆ ಒದ್ದರೆ ತಡೆ ಅಲ್ಲಿಯೇ ಮುರಿಯಬಹುದು. ಮಲಗಿಸಿದರೆ ಕಟ್ಟೆಯಿಂದ ತಡೆಯವರೆಗೆ ಪ್ಲಾಸ್ಟಿಕ್ಕಿನ ಎಳೆ ತುಂಡಾಗದೆ ತಿರುಗಿ ಹೋಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಒಂದೇ: ಮಲಗಿಸಿದಾಗ ಕಂಡಿಯ ಮೇಲಿನ ಅರ್ಧ ಕಟ್ಟೆ ಗಾಳಿಯಲ್ಲಿ ಆರಂಭವಾಗುತ್ತದೆ, ಅಲ್ಲಿ ಮಾತ್ರ ಆಸರೆ ಕೊಡಬೇಕು. ಆ ಆಸರೆಯನ್ನು ಇಕ್ಕಳದಿಂದ ಕಿತ್ತಾಗ ಉಳಿಯುವ ಒರಟು ಮೈ ಕೇಬಲಿಗಷ್ಟೇ ಎದುರಾಗುತ್ತದೆ, ಫೋನಿಗೆ ತಾಗುವುದಿಲ್ಲ.

ಪ್ಲಾಸ್ಟಿಕ್ಕಿನ ಬಗ್ಗೆ ಎರಡು ಮಾತು. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗುತ್ತದೆ. ಮನೆಯ ಮೇಜಿಗೆ ಅದು ಸಾಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಒರಗುಹಲಗೆ ಬಾಗಬಹುದು. ಅಂಥ ಜಾಗಕ್ಕೆ ಸುಮಾರು 80 ಡಿಗ್ರಿಯವರೆಗೆ ತಾಳುವ ಪಿಇಟಿಜಿ ಬೇಕು.

ಎರಡು ತಿಂಗಳ ನಂತರ ಅಕ್ಕ ಕವರ್ ಬದಲಿಸಿದಳು. ಹೊಸ ಕವರಿನ ಮೂಲೆಯಲ್ಲಿ 12.30 ಬಂತು. ಸ್ಪ್ರೆಡ್‌ಶೀಟಿನಲ್ಲಿ `t_max` ಒಂದನ್ನೇ ತಿದ್ದಿದೆ; ಕಟ್ಟೆ ಉದ್ದವಾಯಿತು, ತಡೆ ಮುಂದಕ್ಕೆ ಸರಿಯಿತು, ಕೋನ ಹಾಗೆಯೇ ಉಳಿಯಿತು. ಆದರೆ ಕಂಡಿ ತಡೆಯನ್ನು ಪೂರ್ತಿ ಸೀಳಲಿಲ್ಲ, ಮುಂಭಾಗದಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಿನ ದಪ್ಪದ ಒಂದು ಪೊರೆ ಉಳಿಯಿತು. ಪಾಕೆಟ್ಟಿನ ಆಳವನ್ನು ನಾನು ಅಂದು ಕಟ್ಟೆ ಮತ್ತು ತಡೆ ಕೂಡಿಸಿ 17.9 ಎಂದು ಅಂಕಿಯಲ್ಲಿಯೇ ಬರೆದುಬಿಟ್ಟಿದ್ದೆ. ಈಗ ಅಲ್ಲಿ ಹೀಗಿದೆ:

```
Spreadsheet.slot_w + 6 mm
```

ತಡೆಯ ದಪ್ಪ 5, ದಾಟಿ ಹೋಗಲು ಇನ್ನೊಂದು ಮಿ.ಮೀ.

ಆ ಸ್ಟ್ಯಾಂಡು ಈಗ ಬೆಟಗೇರಿಯ ಆ ಮೇಜಿನ ಮೇಲಿದೆ. ಮಷಿನ್ ಓಡುವಾಗ ನಡುಕಕ್ಕೆ ಅದು ಮೆಲ್ಲಗೆ ಸರಿಯುತ್ತಿತ್ತು. ಅಕ್ಕ ಹಳೆಯ ಸೈಕಲ್ ಟ್ಯೂಬಿನಿಂದ ನಾಲ್ಕು ತುಂಡುಗಳನ್ನು ಕತ್ತರಿಸಿ ತಳಪಟ್ಟಿಯ ಕೆಳಗೆ ಅಂಟಿಸಿದ್ದಾಳೆ. ಆ ರಬ್ಬರಿನ ದಪ್ಪವನ್ನು ನಾನು ಮಾಡೆಲಿಗೆ ಸೇರಿಸಿಲ್ಲ. ನಾಲ್ಕೂ ತುಂಡುಗಳು ಒಂದೇ ಟ್ಯೂಬಿನವು, ಸ್ಟ್ಯಾಂಡು ಎಲ್ಲ ಕಡೆ ಸಮನಾಗಿ ಏರಿದೆ, 65 ಡಿಗ್ರಿ 65 ಆಗಿಯೇ ಇದೆ.